ಮದುವೆ ಒಡವೆ ಕೊಳ್ಳುವ ಮುನ್ನ: ಶುದ್ಧತೆ, ಹಾಲ್‌ಮಾರ್ಕ್ ಮತ್ತು ಮಜೂರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮುಳಬಾಗಿಲು, ಬಂಗಾರಪೇಟೆ, ಮಾಲೂರು ಕಡೆಯ ಕುಟುಂಬಗಳು ಮದುವೆ ಗೊತ್ತಾದ ಮೇಲೆ ಒಡವೆಗಾಗಿ ಊರಿನ ಅಂಗಡಿಗೂ ಬೆಂಗಳೂರಿನ ಅಂಗಡಿಗೂ ಓಡಾಡುವಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬಹುತೇಕರ ಭಯ ಬಂಗಾರದ ಶುದ್ಧತೆಯ ಬಗ್ಗೆ ಇರುತ್ತದೆ. ಆದರೆ ಶುದ್ಧತೆಯನ್ನು ಈಗ ಅಂಗಡಿಯಲ್ಲಿ ನಿಂತುಕೊಂಡೇ ತಾಳೆ ನೋಡಬಹುದು. ಹಣ ಹೆಚ್ಚಾಗಿ ಸೋರಿಹೋಗುವುದು ತೂಕ ಮತ್ತು ಮಜೂರಿಯ ಲೆಕ್ಕದಲ್ಲಿ. ಆದ್ದರಿಂದ ಆ ಭಾಗವನ್ನೇ ಹೆಚ್ಚು ವಿವರಿಸಲಾಗಿದೆ. ಲೆಕ್ಕ ಸುಲಭವಾಗಲೆಂದು ಎಲ್ಲ ಉದಾಹರಣೆಗಳಲ್ಲೂ 22 ಕ್ಯಾರೆಟ್ ಬಂಗಾರದ ದರವನ್ನು ಗ್ರಾಂಗೆ ₹10,000 ಎಂದು ಇಟ್ಟುಕೊಂಡಿದ್ದೇವೆ. ನೀವು ಕೊಳ್ಳುವ ದಿನದ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

22 ಕ್ಯಾರೆಟ್, 916 ಮತ್ತು ಟಚ್ ಎಂಬುವು ಬೇರೆ ಬೇರೆಯೇ?

ಮೂರೂ ಒಂದೇ ಅಳತೆಯನ್ನು ಮೂರು ರೀತಿಯಲ್ಲಿ ಹೇಳುತ್ತವೆ. ಶುದ್ಧ ಬಂಗಾರವನ್ನು 24 ಪಾಲು ಎಂದುಕೊಂಡರೆ, ಅದರಲ್ಲಿ 22 ಪಾಲು ಬಂಗಾರ ಮತ್ತು ಉಳಿದ 2 ಪಾಲು ತಾಮ್ರ, ಬೆಳ್ಳಿಯಂತಹ ಲೋಹಗಳಿದ್ದರೆ ಅದು 22 ಕ್ಯಾರೆಟ್. ಅದೇ ಪ್ರಮಾಣವನ್ನು ಸಾವಿರಕ್ಕೆ ಲೆಕ್ಕ ಹಾಕಿದರೆ 916, ನೂರಕ್ಕೆ ಲೆಕ್ಕ ಹಾಕಿದರೆ 91.6 ಟಚ್. ಶುದ್ಧ ಬಂಗಾರ ಮೆದುವಾದ್ದರಿಂದ ಅದರಲ್ಲಿ ದಿನಬಳಕೆಯ ಒಡವೆ ಮಾಡಿದರೆ ಬೇಗ ಬಾಗುತ್ತದೆ, ಕಲ್ಲುಗಳ ಹಿಡಿತ ಸಡಿಲವಾಗುತ್ತದೆ. ಮದುವೆ ಒಡವೆ 22 ಕ್ಯಾರೆಟ್‌ನಲ್ಲಿರುವುದಕ್ಕೆ ಕಾರಣ ಇದೇ. ವಜ್ರ ಕೂರಿಸಿದ ಒಡವೆ ಸಾಮಾನ್ಯವಾಗಿ 18 ಕ್ಯಾರೆಟ್, ಅಂದರೆ 750.

ಅಂಗಡಿಯ ಬೋರ್ಡಿನಲ್ಲಿ ಬರೆದ ದರ ಯಾವ ಕ್ಯಾರೆಟ್‌ನದು ಎಂದು ಮೊದಲು ಕೇಳಿ. 22 ಕ್ಯಾರೆಟ್‌ನ ದರವು 24 ಕ್ಯಾರೆಟ್‌ನ ದರದ ಶೇಕಡ 91.6ರ ಆಸುಪಾಸಿನಲ್ಲಿ ಇರಬೇಕು. ನಮ್ಮ ಉದಾಹರಣೆಯಲ್ಲಿ 22 ಕ್ಯಾರೆಟ್ ₹10,000 ಆದರೆ 24 ಕ್ಯಾರೆಟ್ ಸುಮಾರು ₹10,917 ಆಗುತ್ತದೆ.

ಒಡವೆಯ ಮೇಲೆ 916 ಎಂದು ಕೆತ್ತಿದ್ದರೆ ಅದೇ ಹಾಲ್‌ಮಾರ್ಕ್ ಅಲ್ಲವೇ?

ಅಲ್ಲ. 916 ಎಂಬ ಅಂಕಿಯನ್ನು ಯಾರು ಬೇಕಾದರೂ ಕೆತ್ತಬಹುದು. 2021ರ ಜುಲೈ 1ರಿಂದ ಹಾಲ್‌ಮಾರ್ಕ್ ಎಂದರೆ ಮೂರು ಗುರುತುಗಳು: ಭಾರತೀಯ ಮಾನಕ ಬ್ಯೂರೊದ, ಅಂದರೆ ಬಿಐಎಸ್‌ನ ತ್ರಿಕೋನದ ಚಿಹ್ನೆ, 22K916 ಎಂಬಂತೆ ಕ್ಯಾರೆಟ್ ಮತ್ತು ಶುದ್ಧತೆ, ಹಾಗೂ ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ. ಈ ಸಂಖ್ಯೆ ಪ್ರತಿ ಒಡವೆಗೂ ಬೇರೆ. ಕಡ್ಡಾಯ ಹಾಲ್‌ಮಾರ್ಕಿಂಗ್ ವ್ಯಾಪ್ತಿಯಲ್ಲಿ, 2023ರ ಏಪ್ರಿಲ್ 1ರಿಂದ ಆರು ಸ್ಥಾನಗಳ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಮಾರುವಂತಿಲ್ಲ.

ಅಮ್ಮನ ಅಥವಾ ಅತ್ತೆಯ ಹಳೆಯ ಒಡವೆಯಲ್ಲಿ ನಾಲ್ಕು ಗುರುತುಗಳಿದ್ದು ಎಚ್‌ಯುಐಡಿ ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ಅದು 2021ಕ್ಕೆ ಮುಂಚಿನ ಪದ್ಧತಿ. ಪರೀಕ್ಷಾ ಕೇಂದ್ರದ ಗುರುತು ಮತ್ತು ಅಂಗಡಿಯ ಗುರುತು ಆಗ ಒಡವೆಯ ಮೇಲೆಯೇ ಇರುತ್ತಿದ್ದವು.

ಕೆಡಿಎಂ ಒಡವೆ ಒಳ್ಳೆಯದೆಂದು ಹಿರಿಯರು ಹೇಳುತ್ತಾರೆ. ನಿಜವೇ?

ಕೆಡಿಎಂ ಎಂಬುದು ಶುದ್ಧತೆಯ ಗುರುತಲ್ಲ, ಬೆಸುಗೆಯ ವಿಧಾನ. ಬಂಗಾರದ ಜೊತೆ ಕ್ಯಾಡ್ಮಿಯಂ ಬೆರೆಸಿ ಬೆಸೆಯುತ್ತಿದ್ದರು. ಬಿಸಿಗೆ ಕ್ಯಾಡ್ಮಿಯಂ ಬಹುಪಾಲು ಆವಿಯಾಗಿ ಹೋಗುವುದರಿಂದ ಬೆಸುಗೆಯ ಜಾಗದಲ್ಲೂ ಟಚ್ ಹೆಚ್ಚು ಇಳಿಯುತ್ತಿರಲಿಲ್ಲ. ಅದಕ್ಕೂ ಹಿಂದಿನ ಬೆಸುಗೆಗೆ ಹೋಲಿಸಿದರೆ ಹಿರಿಯರ ಮಾತಿನಲ್ಲಿ ಹುರುಳಿತ್ತು. ಆದರೆ ಆ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಬಿಐಎಸ್ ಅದನ್ನು ಮಾನ್ಯ ಮಾಡುವುದಿಲ್ಲ. ಇಂದು ಹೊಸ ಒಡವೆಯನ್ನು ಕೆಡಿಎಂ ಎಂದು ಹೊಗಳಿ ಮಾರುವ ಅಂಗಡಿಯವರಿಗೆ ಎಚ್‌ಯುಐಡಿ ತೋರಿಸಿ ಎಂದಷ್ಟೇ ಹೇಳಿದರೆ ಸಾಕು.

ಎಚ್‌ಯುಐಡಿಯನ್ನು ಅಂಗಡಿಯಲ್ಲೇ ಪರಿಶೀಲಿಸುವುದು ಹೇಗೆ?

ಗುರುತುಗಳು ಬರಿಗಣ್ಣಿಗೆ ಗೀಚಿದಂತೆ ಕಾಣುವಷ್ಟು ಸಣ್ಣದಾಗಿರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಅಂಗಡಿಯಲ್ಲಿರುತ್ತದೆ, ಅದನ್ನು ಕೇಳಿ ಪಡೆಯಿರಿ. ಸರದಲ್ಲಿ ಗುರುತು ಕೊಂಡಿಯ ಬಳಿ, ಬಳೆಯಲ್ಲಿ ಒಳಮೈಯಲ್ಲಿ, ನೆಕ್ಲೇಸಿನಲ್ಲಿ ಹಿಂಬದಿಯಲ್ಲಿ ಸಿಗುವುದು ಹೆಚ್ಚು. ಫೋನಿನಲ್ಲಿ BIS Care ಆ್ಯಪ್ ತೆರೆದು Verify HUID ಒತ್ತಿ ಆರೂ ಅಕ್ಷರಗಳನ್ನು ತುಂಬಿ. ಒಡವೆಯ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಮಾಡಿಸಿದ ಅಂಗಡಿಯ ನೋಂದಣಿ, ಪರೀಕ್ಷಿಸಿದ ಕೇಂದ್ರದ ವಿವರಗಳು ಪರದೆಯ ಮೇಲೆ ಬರುತ್ತವೆ.

ಹೆಚ್ಚಿನವರು ಪರದೆಯ ಮೇಲೆ ಏನೋ ಬಂತು ಎಂದು ಕಂಡೊಡನೆ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಮುಖ್ಯವಾಗಿ ನೋಡಬೇಕಾದದ್ದು ಒಡವೆಯ ಬಗೆ. ಕೈಯಲ್ಲಿ ನೆಕ್ಲೇಸ್ ಇದ್ದು ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಆ ಸಂಖ್ಯೆ ಬೇರೊಂದು ಒಡವೆಯದು. ಕೈಯಲ್ಲಿರುವುದರ ಮೇಲೆ 22K916 ಎಂದಿದ್ದು ಆ್ಯಪ್‌ನಲ್ಲಿ 18 ಕ್ಯಾರೆಟ್ ಎಂದಿದ್ದರೂ ಅದೇ ಮಾತು. ವಿವರವೇ ಬರದಿದ್ದರೆ, ಸೊನ್ನೆಯನ್ನು O ಎಂದೋ 8ನ್ನು B ಎಂದೋ ಓದಿರಬಹುದು; ಮಸೂರದಲ್ಲಿ ಇನ್ನೊಮ್ಮೆ ನೋಡಿ ತುಂಬಿ. ಹಾರ ಮತ್ತು ಓಲೆ ಸೇರಿದ ಸೆಟ್ ಆದರೆ ಹಾರವನ್ನು ನೋಡಿ ಸುಮ್ಮನಾಗದೆ ಓಲೆಗಳನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ.

ನಮ್ಮ ಊರಿನ ಚಿಕ್ಕ ಅಂಗಡಿಯವರು ಹಾಲ್‌ಮಾರ್ಕ್ ತಮಗೆ ಕಡ್ಡಾಯವಲ್ಲ ಎನ್ನುತ್ತಾರೆ. ಸುಳ್ಳೇ?

ಸುಳ್ಳೆಂದು ತಕ್ಷಣ ಹೇಳಲಾಗದು. 2021ರ ಜೂನ್ 23ರಂದು 256 ಜಿಲ್ಲೆಗಳಲ್ಲಿ ಕಡ್ಡಾಯ ಹಾಲ್‌ಮಾರ್ಕಿಂಗ್ ಆರಂಭವಾಯಿತು. ನಂತರ ಹಂತ ಹಂತವಾಗಿ ಜಿಲ್ಲೆಗಳನ್ನು ಸೇರಿಸುತ್ತಾ ಬಂದಿದ್ದಾರೆ, ಪಟ್ಟಿ ಬಿಐಎಸ್‌ನ ಜಾಲತಾಣದಲ್ಲಿದೆ. ಜೊತೆಗೆ ವರ್ಷಕ್ಕೆ ₹40 ಲಕ್ಷದವರೆಗಿನ ವಹಿವಾಟಿನ ಅಂಗಡಿಗಳಿಗೂ, ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗಳಿಗೂ, ಕುಂದನ್, ಪೋಲ್ಕಿ, ಜಡಾವ್ ಕೆಲಸದ ಒಡವೆಗಳಿಗೂ ವಿನಾಯಿತಿ ಇದೆ. ಹಗುರವಾದ ತಾಳಿಬೊಟ್ಟಿನ ಮೇಲೆ ಗುರುತು ಇಲ್ಲದಿರುವುದಕ್ಕೆ ಇದೇ ಕಾರಣವಿರಬಹುದು.

ಕಡ್ಡಾಯ ಇಲ್ಲದಿರುವುದು ಅಂಗಡಿಯವರ ಅನುಕೂಲದ ಮಾತೇ ಹೊರತು ಕೊಳ್ಳುವವರ ಅನುಕೂಲದ್ದಲ್ಲ. ಒಂದು ಒಡವೆಗೆ ಹಾಲ್‌ಮಾರ್ಕ್ ಶುಲ್ಕ ₹45 ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಲಕ್ಷಗಟ್ಟಲೆ ಬೆಲೆಯ ಹಾರಕ್ಕೆ ಅಷ್ಟು ಖರ್ಚು ಬೇಡವೆನ್ನುವ ಕಡೆ ಕೊಳ್ಳದಿರುವುದೇ ಲೇಸು. ಮನೆತನದ ಆಚಾರಿಗಳ ಬಳಿ ತಾಳಿ, ಗುಂಡು ಮಾಡಿಸುವ ರೂಢಿಯಿದ್ದರೆ ಅದನ್ನು ಬಿಡಬೇಕಿಲ್ಲ. ಮಾಡಿಸಿದ ಮೇಲೆ ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರದಲ್ಲಿ ಗ್ರಾಹಕರೇ ನೇರವಾಗಿ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ನಾಲ್ಕು ಒಡವೆಗಳವರೆಗೆ ₹200 ಶುಲ್ಕ, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ ₹45, ತೆರಿಗೆ ಪ್ರತ್ಯೇಕ.

ಹಾಲ್‌ಮಾರ್ಕ್ ಇದ್ದರೆ ಇನ್ನು ಮೋಸಕ್ಕೆ ಎಡೆಯೇ ಇಲ್ಲ ಅಲ್ಲವೇ?

ಹಾಲ್‌ಮಾರ್ಕ್ ಹೇಳುವುದು ಲೋಹದ ಶುದ್ಧತೆಯನ್ನು ಮಾತ್ರ. ಒಡವೆಯಲ್ಲಿ ಬಂಗಾರ ಎಷ್ಟು ಗ್ರಾಂ ಇದೆ, ಕಲ್ಲಿನ ಬೆಲೆ ಎಷ್ಟು, ಮಜೂರಿ ನ್ಯಾಯವಾದದ್ದೇ ಎಂಬ ಯಾವ ಪ್ರಶ್ನೆಗೂ ಅದು ಉತ್ತರ ಕೊಡುವುದಿಲ್ಲ.

ಗ್ರಾಸ್ ತೂಕ, ನೆಟ್ ತೂಕ ಎಂದರೇನು?

ತಕ್ಕಡಿಯಲ್ಲಿ ಇಡೀ ಒಡವೆಯನ್ನು ಇಟ್ಟಾಗ ಬರುವುದು ಗ್ರಾಸ್ ತೂಕ. ಅದರಲ್ಲಿ ಕೆಂಪು, ಹಸಿರು ಕಲ್ಲುಗಳು, ಮುತ್ತು, ಹವಳ, ಕರಿಮಣಿ, ದಾರ, ಟೊಳ್ಳು ಗುಂಡುಗಳ ಒಳಗೆ ತುಂಬಿದ ಅರಗು ಎಲ್ಲವೂ ಸೇರಿರುತ್ತವೆ. ಇವನ್ನೆಲ್ಲ ಕಳೆದು ಉಳಿಯುವ ಬಂಗಾರದ ತೂಕ ನೆಟ್ ತೂಕ. ಬಂಗಾರದ ದರವನ್ನು ಗುಣಿಸಬೇಕಾದದ್ದು ನೆಟ್ ತೂಕಕ್ಕೆ.

ಮುಂದಿನ ಲೆಕ್ಕಕ್ಕೂ ಬೇಕಾಗುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೆಂಪು ಕಲ್ಲಿನ ನೆಕ್ಲೇಸ್ ಒಂದರ ಗ್ರಾಸ್ ತೂಕ 42.500 ಗ್ರಾಂ, ಕಲ್ಲು, ಮುತ್ತು, ಅರಗು ಸೇರಿ 3.700 ಗ್ರಾಂ, ನೆಟ್ ತೂಕ 38.800 ಗ್ರಾಂ. ಆ ಕಲ್ಲುಗಳ ಬೆಲೆ ₹4,500 ಎಂದಿಟ್ಟುಕೊಳ್ಳಿ. ಕಲ್ಲಿನ ತೂಕವನ್ನು ಕಳೆಯದೆ ಬಂಗಾರದ ದರವನ್ನೇ ಹಾಕಿದರೆ, ₹4,500ರ ಕಲ್ಲಿಗೆ ನೀವು ₹37,000 ಕೊಟ್ಟಂತಾಗುತ್ತದೆ. ಅದರ ಮೇಲೆ ಶೇಕಡ 14ರ ವೇಸ್ಟೇಜ್, ಅಂದರೆ ಒಡವೆ ಮಾಡುವಾಗ ಆಗುವ ಬಂಗಾರದ ನಷ್ಟಕ್ಕೆಂದು ಹಾಕುವ ಮೊತ್ತ ಸೇರಿದರೆ ಇನ್ನೂ ₹5,180. ಪೂರ್ತಿಯಾಗಿ ಹೀಗೆ ಮಾಡುವವರು ಈಗ ಕಡಿಮೆ. ಆದರೆ 3.700 ಗ್ರಾಂ ಕಳೆಯಬೇಕಾದಲ್ಲಿ 2.500 ಗ್ರಾಂ ಮಾತ್ರ ಕಳೆಯುವುದು ಸುಲಭ, ಏಕೆಂದರೆ ಕೂರಿಸಿದ ಕಲ್ಲನ್ನು ತೂಗಿ ನೋಡಲು ಗ್ರಾಹಕರಿಗೆ ಆಗುವುದಿಲ್ಲ. ಕಲ್ಲು ಕೂರಿಸುವ ಮುಂಚಿನ ತೂಕವನ್ನು ಕೇಳಿ, ಒಡವೆಗೆ ಕಟ್ಟಿದ ಚೀಟಿಯಲ್ಲಿ ಗ್ರಾಸ್, ಕಲ್ಲು, ನೆಟ್ ಮೂರೂ ಪ್ರತ್ಯೇಕವಾಗಿ ಇವೆಯೇ ನೋಡಿ, ಮುಂದೆ ಹಿಂತಿರುಗಿಸಿದಾಗ ಇದೇ ನೆಟ್ ತೂಕಕ್ಕೆ ಹಣ ಕೊಡುವಿರಾ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಬರುವ ಉತ್ತರದ ಧಾಟಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಒಡವೆ ಇಡುವ ಮುಂಚೆ ಅಂಕಿ ಸೊನ್ನೆಯಲ್ಲಿದೆಯೇ, ಮೇಲಿನ ಫ್ಯಾನಿನ ಗಾಳಿಗೆ ಅಲುಗಾಡುತ್ತಿದೆಯೇ ಎಂಬುದನ್ನೂ ಗಮನಿಸಿ.

ವೇಸ್ಟೇಜ್ ಮತ್ತು ಮಜೂರಿ ಎರಡನ್ನೂ ಏಕೆ ಹಾಕುತ್ತಾರೆ?

ಕೈಯಲ್ಲಿ ಒಡವೆ ಮಾಡುವ ಕಾಲದಲ್ಲಿ ಅರದಿಂದ ಉಜ್ಜುವಾಗ, ಬೆಸೆಯುವಾಗ, ಮೆರುಗು ಕೊಡುವಾಗ ಬಂಗಾರದ ಪುಡಿ ಸ್ವಲ್ಪ ನಷ್ಟವಾಗುತ್ತಿತ್ತು. ಆ ನಷ್ಟಕ್ಕೆ ವೇಸ್ಟೇಜ್, ಕೆಲಸಕ್ಕೆ ಮಜೂರಿ. ಈಗ ಪುಡಿಯ ಬಹುಪಾಲನ್ನು ಕಾರ್ಖಾನೆಗಳು ಮರಳಿ ಸಂಗ್ರಹಿಸುತ್ತವೆ, ಆದರೆ ಹೆಸರು ಉಳಿದುಕೊಂಡಿದೆ. ಕೆಲವು ಅಂಗಡಿಗಳು ವೇಸ್ಟೇಜ್ ಒಂದನ್ನೇ ಹಾಕುತ್ತವೆ, ಕೆಲವು ಮಜೂರಿ ಒಂದನ್ನೇ, ಕೆಲವು ಎರಡನ್ನೂ ಹಾಕುತ್ತವೆ, ಇನ್ನು ಕೆಲವು ವಿ.ಎ., ಅಂದರೆ ವ್ಯಾಲ್ಯೂ ಅಡಿಷನ್ ಎಂದು ಬರೆಯುತ್ತವೆ. ಹೆಸರು ಯಾವುದಾದರೂ ಅದು ಬಂಗಾರದ ಬೆಲೆಯ ಮೇಲೆ ನೀವು ಕೊಡುವ ಹಣ, ಮಾರುವಾಗ ಹಿಂದೆ ಬಾರದ ಹಣ. ಇದಕ್ಕೆ ಕಾನೂನಿನಲ್ಲಿ ಗರಿಷ್ಠ ಮಿತಿಯಿಲ್ಲ, ಆದ್ದರಿಂದ ಚೌಕಾಸಿಗೆ ಅವಕಾಶವಿದೆ. ಯಂತ್ರದಲ್ಲಿ ಮಾಡಿದ ಸಾದಾ ಸರಕ್ಕೆ ಇದು ಕಡಿಮೆ. ದೇವರ ಉಬ್ಬುಚಿತ್ರಗಳಿರುವ ನಕಾಸಿ ಕೆಲಸಕ್ಕೆ ಶೇಕಡ 20 ದಾಟುವುದೂ ಉಂಟು.

ಶೇಕಡಾವಾರು ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಬಂಗಾರದ ದರ ಗ್ರಾಂಗೆ ₹5,000 ಇದ್ದಾಗ 20 ಗ್ರಾಂ ಸರಕ್ಕೆ ಶೇಕಡ 8 ಎಂದರೆ ₹8,000. ದರ ₹10,000 ಆದಾಗ ಅದೇ ಸರಕ್ಕೆ ಅದೇ ಶೇಕಡ 8 ಎಂದರೆ ₹16,000. ಸರ ಮಾಡಿದವರ ಕೆಲಸ ಮಾತ್ರ ಎರಡು ಪಟ್ಟು ಆಗಿರುವುದಿಲ್ಲ. ದರ ಏರಿರುವ ಕಾಲದಲ್ಲಿ ಸಾದಾ ಒಡವೆಗಳಿಗೆ ಗ್ರಾಂಗೆ ಇಷ್ಟು ರೂಪಾಯಿ ಮಜೂರಿ ಎಂದು ಮಾತನಾಡುವುದು ಗ್ರಾಹಕರಿಗೆ ಮೇಲು ಎಂಬುದು ನಮ್ಮ ಅಭಿಪ್ರಾಯ.

ಕೋಲಾರದಲ್ಲಿ ಶೇಕಡ 14 ಹೇಳಿದರು, ಬೆಂಗಳೂರಿನಲ್ಲಿ ಶೇಕಡ 9 ಹೇಳಿದರು. ಬೆಂಗಳೂರಿಗೇ ಹೋಗೋಣವೇ?

ಅದೇ ನೆಕ್ಲೇಸಿನ ಲೆಕ್ಕ ಹಾಕಿ ನೋಡೋಣ. ಎರಡೂ ಅಂಗಡಿಗಳಲ್ಲಿ ನೆಟ್ ತೂಕ 38.800 ಗ್ರಾಂ, ಬಂಗಾರದ ಬೆಲೆ ₹3,88,000.

ಕೋಲಾರದ ಅಂಗಡಿಯವರು ಶೇಕಡ 14 ವೇಸ್ಟೇಜ್ ಹೇಳಿ ಬೇರೆ ಮಜೂರಿ ಇಲ್ಲ ಎನ್ನುತ್ತಾರೆ. ವೇಸ್ಟೇಜ್ ₹54,320, ಕಲ್ಲಿಗೆ ₹4,500. ಒಟ್ಟು ₹4,46,820. ಶೇಕಡ 3 ಜಿಎಸ್‌ಟಿ ಸೇರಿದರೆ ಸುಮಾರು ₹4,60,225.

ಬೆಂಗಳೂರಿನ ಅಂಗಡಿಯವರು ಶೇಕಡ 9 ವೇಸ್ಟೇಜ್ ಎನ್ನುತ್ತಾರೆ, ಅದು ₹34,920. ಆದರೆ ಬಿಲ್ಲಿನ ಕೆಳಗಿನ ಸಾಲಿನಲ್ಲಿ ಗ್ರಾಂಗೆ ₹450ರಂತೆ ಮಜೂರಿ ಇದೆ, ಅದನ್ನೂ ಗ್ರಾಸ್ ತೂಕವಾದ 42.500 ಗ್ರಾಂಗೆ ಹಾಕಿದ್ದಾರೆ: ₹19,125. ಕಲ್ಲಿಗೆ ₹9,000. ಒಟ್ಟು ₹4,51,045, ತೆರಿಗೆ ಸೇರಿ ಸುಮಾರು ₹4,64,576. ಶೇಕಡ 9 ಎಂದ ಅಂಗಡಿಯಲ್ಲೇ ಸುಮಾರು ₹4,350 ಹೆಚ್ಚಾಯಿತು, ಬಸ್ ಚಾರ್ಜು ಬೇರೆ.

ಹಾಗೆಂದು ಊರಿನ ಅಂಗಡಿ ಯಾವಾಗಲೂ ಅಗ್ಗ ಎಂದಲ್ಲ. ಇನ್ನೊಂದು ದಿನ ಲೆಕ್ಕ ತಿರುಗಿ ನಿಲ್ಲಬಹುದು. ಮಾಡಬೇಕಾದದ್ದು ಇಷ್ಟೇ: ತೆರಿಗೆಗೆ ಮುಂಚಿನ ಒಟ್ಟು ಮೊತ್ತದಿಂದ ಕಲ್ಲಿನ ಬೆಲೆ ಕಳೆದು, ಉಳಿದದ್ದನ್ನು ನೆಟ್ ತೂಕದಿಂದ ಭಾಗಿಸಿ. ಕೋಲಾರದ ಅಂಗಡಿಯಲ್ಲಿ ಅದು ಗ್ರಾಂಗೆ ₹11,400, ಬೆಂಗಳೂರಿನ ಅಂಗಡಿಯಲ್ಲಿ ₹11,393. ಅಂದರೆ ಮಜೂರಿಯಲ್ಲಿ ಇಬ್ಬರೂ ಸಮ, ವ್ಯತ್ಯಾಸವೆಲ್ಲ ಕಲ್ಲಿನ ಬೆಲೆಯಲ್ಲಿತ್ತು. ಇದು ಗೊತ್ತಾದ ಮೇಲೆ ಚೌಕಾಸಿ ಎಲ್ಲಿ ಮಾಡಬೇಕೆಂಬುದೂ ಸ್ಪಷ್ಟವಾಗುತ್ತದೆ. ಮಜೂರಿಯಲ್ಲಿ ಅರ್ಧ ರಿಯಾಯಿತಿ ಎಂಬ ಹಬ್ಬದ ಜಾಹೀರಾತುಗಳನ್ನೂ ಇದೇ ಭಾಗಾಕಾರಕ್ಕೆ ಹಾಕಿ ನೋಡಿ.

ಕೆ.ಜಿ.ಎಫ್. ಬಂಗಾರ ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ?

ಕೊಡಬೇಕಿಲ್ಲ. ಕೋಲಾರ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. 916 ಎಂದರೆ ಯಾವ ಗಣಿಯದಾದರೂ 916, ಮತ್ತು ಎಚ್‌ಯುಐಡಿಯಲ್ಲಿ ಬಂಗಾರದ ಮೂಲದ ವಿವರವೇ ಇರುವುದಿಲ್ಲ.

ಸವರನ್ ಲೆಕ್ಕದಲ್ಲಿ ಹೇಳುತ್ತಾರೆ, ಗ್ರಾಂಗೆ ಹೇಗೆ ತಿರುಗಿಸುವುದು?

ಒಂದು ಸವರನ್ ಎಂದರೆ 8 ಗ್ರಾಂ. ಬಂಗಾರಪೇಟೆ, ಕೆ.ಜಿ.ಎಫ್. ಕಡೆ ಮಾತು ಸವರನ್‌ನಲ್ಲಿ ನಡೆದರೂ ಬಿಲ್ಲು ಗ್ರಾಂನಲ್ಲೇ ಇರಲಿ.

ಹಳೆಯ ಒಡವೆ ಕೊಟ್ಟು ಹೊಸದು ಕೊಳ್ಳುವಾಗ ಏನು ನೋಡಬೇಕು?

ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಮನೆಯಲ್ಲಿಟ್ಟುಕೊಳ್ಳಲು ಅಥವಾ ಅಂಗಡಿಗೆ ಮಾರಲು ಅಡ್ಡಿಯಿಲ್ಲ. ಅಂಗಡಿಯ ಕ್ಯಾರೆಟ್ ಮೀಟರ್ ಎಕ್ಸ್‌ರೇ ಹಾಯಿಸಿ ಟಚ್ ಹೇಳುತ್ತದೆ, ಆದರೆ ಅದು ಓದುವುದು ತೆಳುವಾದ ಮೇಲ್ಪದರವನ್ನು. ಬೆಸುಗೆಯ ಮೇಲೆ ಇಟ್ಟರೆ ಕಡಿಮೆ, ಮೆರುಗಿನ ಲೇಪ ಇರುವ ಕಡೆ ಇಟ್ಟರೆ ಹೆಚ್ಚು ತೋರಿಸಬಹುದು. ಆದ್ದರಿಂದ ಒಂದೇ ಒಡವೆಯನ್ನು ಎರಡು ಮೂರು ಜಾಗಗಳಲ್ಲಿ ಓದಿಸಿ. ದೊಡ್ಡ ತೂಕವಾದರೆ ಕಲ್ಲು, ಅರಗು ತೆಗೆಸಿ ತೂಗಿಸಿ, ನಿಮ್ಮ ಕಣ್ಣೆದುರಿಗೇ ಕರಗಿಸಿ, ಆ ಗಟ್ಟಿಯನ್ನು ಓದಿಸುವುದು ಹೆಚ್ಚು ನಂಬಿಕೆಗೆ ಅರ್ಹ.

ಕರಗಿಸಿದ ಮೇಲೆ 20 ಗ್ರಾಂ ತೂಗಿ 88 ಟಚ್ ಬಂದಿತೆನ್ನಿ. 20ನ್ನು 88ರಿಂದ ಗುಣಿಸಿ 91.6ರಿಂದ ಭಾಗಿಸಿದರೆ 19.21 ಗ್ರಾಂ, ಅಷ್ಟು 22 ಕ್ಯಾರೆಟ್ ಬಂಗಾರಕ್ಕೆ ನೀವು ಹಕ್ಕುದಾರರು, ಅಂದರೆ ₹1,92,100. ಟಚ್ ಕಡಿಮೆ ಎಂದು ಒಮ್ಮೆ ಇಳಿಸಿದ ಮೇಲೆ ಅದೇ ಕಾರಣಕ್ಕೆ ಮತ್ತೆ ಶೇಕಡ 2ನ್ನೋ 3ನ್ನೋ ಕಡಿತ ಮಾಡಿದರೆ ಒಂದೇ ಕೊರತೆಗೆ ಎರಡು ಸಲ ದಂಡ ತೆತ್ತಂತಾಗುತ್ತದೆ. ಕರಗಿಸುವ ಮುಂಚೆಯೇ ಈ ಮಾತು ಮುಗಿಸಿಕೊಳ್ಳಿ. ಕರಗಿದ ಮೇಲೆ ಒಡವೆಯನ್ನು ವಾಪಸ್ ತೆಗೆದುಕೊಂಡು ಬರುವ ಧೈರ್ಯ ಯಾರಿಗೂ ಇರುವುದಿಲ್ಲ.

ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಬೇಡಿ. ನಮ್ಮ ನೆಕ್ಲೇಸಿನಲ್ಲಿ ಉಳಿಯುವುದು ಸುಮಾರು ₹13,400. ಕಳೆದುಕೊಳ್ಳುವುದು ಪ್ರಶ್ನಿಸುವ ಆಧಾರವನ್ನೇ. ಬಿಲ್ಲಿನಲ್ಲಿ ಪ್ರತಿ ಒಡವೆಯ ವಿವರ, ನೆಟ್ ತೂಕ, ಕ್ಯಾರೆಟ್ ಮತ್ತು ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಪ್ರತ್ಯೇಕವಾಗಿ ಇರಬೇಕು, ಎಚ್‌ಯುಐಡಿಯನ್ನೂ ಬರೆಸಿಕೊಳ್ಳಿ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ, ಆದ್ದರಿಂದ ಹಣ ಪಾವತಿಯ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡು ಹೋಗಿ.

ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ ಪರಿಹಾರ ಸಿಗುತ್ತದೆಯೇ?

ಸಿಗುತ್ತದೆ. ಬಿಐಎಸ್‌ನ 2018ರ ನಿಯಮಗಳ ಪ್ರಕಾರ, ಶುದ್ಧತೆಯ ಕೊರತೆಯಿಂದ ಆ ತೂಕಕ್ಕೆ ಆಗುವ ವ್ಯತ್ಯಾಸದ ಎರಡರಷ್ಟು ಮೊತ್ತ ಮತ್ತು ಪರೀಕ್ಷಾ ಶುಲ್ಕವನ್ನು ಗ್ರಾಹಕರಿಗೆ ಕೊಡಬೇಕು. 38.800 ಗ್ರಾಂ ನೆಕ್ಲೇಸ್ 916ರ ಬದಲು 900 ಬಂದಿತೆಂದರೆ ಕೊರತೆ ಸುಮಾರು 0.62 ಗ್ರಾಂ ಶುದ್ಧ ಬಂಗಾರ, ಅದರ ಬೆಲೆ ನಮ್ಮ ದರದಲ್ಲಿ ₹6,777ರಷ್ಟು, ಎರಡರಷ್ಟು ಎಂದರೆ ₹13,500ಕ್ಕೆ ಸ್ವಲ್ಪ ಮೇಲೆ. ಇದಕ್ಕೆ ಬೇರೆ ಅಂಗಡಿಯ ಕ್ಯಾರೆಟ್ ಮೀಟರಿನ ಚೀಟಿಯನ್ನು ನೆಚ್ಚಿಕೊಳ್ಳಬೇಡಿ. ಮಾನ್ಯತೆ ಪಡೆದ ಕೇಂದ್ರದ ವರದಿ ಪಡೆಯಿರಿ. ಆ ವರದಿ ಮತ್ತು ಬಿಲ್ ಇಟ್ಟುಕೊಂಡು ಮೊದಲು ಅಂಗಡಿಯವರನ್ನು ಕೇಳಿ, ಅವರು ಒಪ್ಪದಿದ್ದರೆ BIS Care ಆ್ಯಪ್‌ನಲ್ಲೇ ದೂರು ದಾಖಲಿಸಿ. ಅಲ್ಲಿಯವರೆಗೆ ಒಡವೆಯನ್ನು ಸರಿಪಡಿಸಲೆಂದು ಯಾರಿಗೂ ಕೊಡಬೇಡಿ. ಹೊಸ ಬೆಸುಗೆ ಬಿದ್ದರೆ ಪರೀಕ್ಷೆಯ ಫಲಿತಾಂಶದ ಮೇಲೆಯೇ ತಕರಾರು ಏಳುತ್ತದೆ.